ಗುಂಡು ತಾಗಿತು, ರಾಕೆಟ್ ಯಾಕೆ ತಪ್ಪಿತು?

ನಮ್ಮ ಮನೆಯಿಂದ ಸಿಂಗಪುರದ ಸರ್ವರ್‌ಗೆ ಪಿಂಗ್, ಅಂದರೆ ಸುದ್ದಿ ಹೋಗಿ ಬರಲು ಹಿಡಿಯುವ ಹೊತ್ತು, ಸುಮಾರು 80 ಮಿಲಿಸೆಕೆಂಡ್ ಬರುತ್ತದೆ. ಟೀಮ್ ಫೋರ್ಟ್ರೆಸ್ 2 ಎನ್ನುವ ಶೂಟಿಂಗ್ ಆಟ ಆಡುವಾಗ ಸ್ನೈಪರ್ ಪಾತ್ರ ತೆಗೆದುಕೊಂಡರೆ ಈ 80 ನನಗೆ ಗೊತ್ತೇ ಆಗುವುದಿಲ್ಲ. ಓಡುತ್ತಿರುವವನ ಮೇಲೆ ಗುರಿ ಇಟ್ಟು ಒತ್ತಿದರೆ ಗುಂಡು ತಾಗುತ್ತದೆ. ಅದೇ ಸಂಜೆ, ಅದೇ ಸರ್ವರ್‌ನಲ್ಲಿ ಸೋಲ್ಜರ್ ಆಗಿ ರಾಕೆಟ್ ಬಿಟ್ಟರೆ ಒಂದಾದ ಮೇಲೊಂದು ಓಡುವವನ ಬೆನ್ನ ಹಿಂದೆ ಹೋಗಿ ಬೀಳುತ್ತವೆ.

ಪಕ್ಕದಲ್ಲಿ ಕೂತು ನೋಡುತ್ತಿದ್ದ ತಮ್ಮ, "ಅಣ್ಣಾ, ರಾಕೆಟ್ ನಿಧಾನ ಅಲ್ವಾ? ಸ್ವಲ್ಪ ಮುಂದಕ್ಕೆ ಹೊಡಿ" ಅಂದ. ಅವನು ಹೇಳಿದ್ದು ಅರ್ಧ ಸರಿ. ಆದರೆ ನಾನು ಮುಂದಕ್ಕೇ ಹೊಡೆಯುತ್ತಿದ್ದೆ. ನನ್ನದೇ ಕಂಪ್ಯೂಟರ್‌ನಲ್ಲಿ ಬಾಟ್‌ಗಳ ಜೊತೆ ಆಡುವಾಗ ಅಷ್ಟೇ ಮುಂದಕ್ಕೆ ಹೊಡೆದರೆ ರಾಕೆಟ್ ಸರಿಯಾಗಿ ತಾಗುತ್ತದೆ. ಅಲ್ಲೂ ರಾಕೆಟ್‌ನ ವೇಗ ಇಷ್ಟೇ. ಹಾಗಾದರೆ ಉಳಿದರ್ಧ ಎಲ್ಲಿದೆ? ಅದು ಇರುವುದು ಸರ್ವರ್ ಈ ಎರಡು ಆಯುಧಗಳನ್ನು ಯಾವ ಹೊತ್ತಿನಲ್ಲಿಟ್ಟು ಲೆಕ್ಕ ಹಾಕುತ್ತದೆ ಎನ್ನುವುದರಲ್ಲಿ.

ಮೊದಲು ಎರಡರ ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಸ್ನೈಪರ್ ರೈಫಲ್, ಸ್ಕೌಟ್‌ನ ಸ್ಕ್ಯಾಟರ್‌ಗನ್, ಹೆವಿಯ ಮಿನಿಗನ್ ಇವೆಲ್ಲ ಹಿಟ್‌ಸ್ಕ್ಯಾನ್ ಆಯುಧಗಳು. ಇಲ್ಲಿ ಗುಂಡು ಎಂಬ ವಸ್ತುವೇ ಇಲ್ಲ. ನೀವು ಬಟನ್ ಒತ್ತಿದಾಗ ಆಟ ನಿಮ್ಮ ಕಣ್ಣಿನಿಂದ ಗುರಿಯ ಕಡೆಗೆ ಒಂದು ನೇರ ಗೆರೆ ಎಳೆಯುತ್ತದೆ. ಆ ಗೆರೆ ಮೊದಲು ಏನನ್ನು ಮುಟ್ಟಿತೋ ಅದಕ್ಕೆ ಪೆಟ್ಟು. ಇದೆಲ್ಲ ಒಂದೇ ಟಿಕ್‌ನಲ್ಲಿ ಮುಗಿದುಹೋಗುತ್ತದೆ. ಟಿಕ್ ಎಂದರೆ ಸರ್ವರ್ ಆಟವನ್ನು ಒಂದು ಹೆಜ್ಜೆ ಮುಂದಕ್ಕೆ ನಡೆಸುವ ಹೊತ್ತು. ಈ ಆಟದಲ್ಲಿ ಅದು 15 ಮಿಲಿಸೆಕೆಂಡ್. ತೆರೆಯ ಮೇಲೆ ಹಾರಿಹೋಗುವ ಬೆಳಕಿನ ಗೆರೆ ಬರೀ ನೋಡಲಿಕ್ಕೆ. ಅದು ಕಾಣುವ ಹೊತ್ತಿಗೆ ತೀರ್ಮಾನ ಆಗಿರುತ್ತದೆ.

ರಾಕೆಟ್ ಹಾಗಲ್ಲ. ಅದು ಪ್ರೊಜೆಕ್ಟೈಲ್. ಆಟದ ಜಗತ್ತಿನಲ್ಲಿ ಅದಕ್ಕೆ ಒಂದು ಜಾಗ ಇದೆ, ವೇಗ ಇದೆ. ಪ್ರತಿ ಟಿಕ್‌ಗೂ ಸರ್ವರ್ ಅದನ್ನು ಸ್ವಲ್ಪ ಮುಂದೆ ಸರಿಸಿ, ಏನಾದರೂ ತಗುಲಿತಾ ಎಂದು ನೋಡುತ್ತದೆ. ಸೋಲ್ಜರ್‌ನ ಸಾಮಾನ್ಯ ರಾಕೆಟ್ ಸೆಕೆಂಡಿಗೆ 1100 ಯೂನಿಟ್ ಹೋಗುತ್ತದೆ. ನಮ್ಮ ಅಳತೆಯಲ್ಲಿ ಸೆಕೆಂಡಿಗೆ 21 ಮೀಟರ್, ಅಂದರೆ ಹೆದ್ದಾರಿಯಲ್ಲಿ ಹೋಗುವ ಬಸ್ಸಿನಷ್ಟು ವೇಗ. ಎದುರಿನವನು ಅದನ್ನು ಕಣ್ಣಾರೆ ನೋಡಿ ಪಕ್ಕಕ್ಕೆ ಸರಿಯಬಹುದು. ಪೈರೋ ಆದರೆ ಗಾಳಿ ಊದಿ ಅದನ್ನು ನಿಮ್ಮ ಕಡೆಗೇ ವಾಪಸ್ ಕಳಿಸಬಹುದು.

ಇನ್ನು ಲ್ಯಾಗ್. ಆನ್‌ಲೈನ್ ಆಟದಲ್ಲಿ ನಿಮ್ಮ ತೆರೆಯ ಮೇಲೆ ಕಾಣುವ ಎದುರಾಳಿ ಯಾವತ್ತೂ ಹಳೆಯ ಎದುರಾಳಿ. ಇದಕ್ಕೆ ಎರಡು ಕಾರಣ. ಒಂದು, ಸರ್ವರ್‌ನಿಂದ ಸುದ್ದಿ ಬರಲು ಹಿಡಿಯುವ ಹೊತ್ತು. ಪಿಂಗ್ 80 ಎಂದರೆ ಹೋಗಿ ಬರಲು ಸೇರಿ 80, ಒಂದು ಕಡೆಗೆ ಹೆಚ್ಚುಕಡಿಮೆ 40. ಇನ್ನೊಂದು ಕಾರಣ ಜಾಸ್ತಿ ಜನಕ್ಕೆ ಗೊತ್ತಿಲ್ಲ, ಅದು ಇಂಟರ್‌ಪೊಲೇಶನ್. ಸರ್ವರ್ ಕಳಿಸುವುದು ಬಿಡಿ ಬಿಡಿ ಚಿತ್ರಗಳನ್ನು. ಅವನ್ನು ಬಂದ ಹಾಗೇ ತೋರಿಸಿದರೆ ಎದುರಾಳಿಗಳು ಜಿಗಿಜಿಗಿದು ಓಡಿದ ಹಾಗೆ ಕಾಣುತ್ತದೆ. ಅದಕ್ಕೆ ನಿಮ್ಮ ಕಂಪ್ಯೂಟರ್ ಬೇಕೆಂದೇ ಸ್ವಲ್ಪ ತಡ ಮಾಡಿ, ಕೈಗೆ ಬಂದ ಎರಡು ಚಿತ್ರಗಳ ನಡುವಿನ ಚಲನೆಯನ್ನು ನಯವಾಗಿ ತುಂಬಿ ತೋರಿಸುತ್ತದೆ. ಈ ಆಟದಲ್ಲಿ ಮೊದಲಿನಿಂದ ಇಟ್ಟಿರುವ ತಡ 100 ಮಿಲಿಸೆಕೆಂಡ್. ಅದನ್ನು `cl_interp` ಎನ್ನುವ ಸೆಟ್ಟಿಂಗ್ ಹಿಡಿದಿಡುತ್ತದೆ.

ಈಗ ಕೂಡಿಸಿ. ಸುದ್ದಿ ಬರಲು 40, ಇಂಟರ್‌ಪೊಲೇಶನ್ 100, ನೀವು ಒತ್ತಿದ್ದು ಸರ್ವರ್‌ಗೆ ಮುಟ್ಟಲು ಇನ್ನೊಂದು 40. ಒಟ್ಟು 180 ಮಿಲಿಸೆಕೆಂಡ್. ನಿಮ್ಮ ಕ್ಲಿಕ್ ಸರ್ವರ್‌ನ ಕೈಗೆ ಸಿಗುವ ಹೊತ್ತಿಗೆ ನೀವು ಗುರಿ ಇಟ್ಟ ಚಿತ್ರ ಅಷ್ಟು ಹಳೆಯದಾಗಿರುತ್ತದೆ. ಸ್ಕೌಟ್ ಸೆಕೆಂಡಿಗೆ 400 ಯೂನಿಟ್ ಓಡುತ್ತಾನೆ. 180 ಮಿಲಿಸೆಕೆಂಡ್‌ನಲ್ಲಿ 72 ಯೂನಿಟ್ ಮುಂದೆ ಹೋಗಿರುತ್ತಾನೆ. ಅವನ ಮೈಯ ಅಗಲ ಸುಮಾರು 50 ಯೂನಿಟ್. ಅಂದರೆ ನೀವು ಸರಿಯಾಗಿ ನಡುಮಧ್ಯಕ್ಕೆ ಗುರಿ ಇಟ್ಟಿದ್ದರೂ ಆ ಜಾಗದಲ್ಲಿ ಈಗ ಅವನ ಬೆನ್ನೂ ಇಲ್ಲ.

1996ರಲ್ಲಿ ಕ್ವೇಕ್ ಬಂದಾಗ ಮೋಡೆಮ್ ಇಟ್ಟುಕೊಂಡು ಆಡುತ್ತಿದ್ದವರ ಪಾಡು ಇದೇ ಆಗಿತ್ತು. ಶಾಟ್‌ಗನ್ ಹಿಟ್‌ಸ್ಕ್ಯಾನ್ ಆದರೂ ಎದುರಾಳಿಯ ಮುಂದಕ್ಕೆ ಹೊಡೆಯಬೇಕಿತ್ತು. ಎಷ್ಟು ಮುಂದಕ್ಕೆ ಎನ್ನುವುದು ಆ ದಿನದ ಪಿಂಗ್ ಮೇಲೆ ಇತ್ತು. ಈ ತೊಂದರೆಗೆ ಹಾಫ್-ಲೈಫ್ ಆಟದಲ್ಲಿ, ಅದನ್ನು ಕಟ್ಟಿದ ವಾಲ್ವ್ ಕಂಪನಿ ಒಂದು ಉಪಾಯ ಮಾಡಿತು. ಅಲ್ಲಿನ ಯಾನ್ ಬರ್ನಿಯರ್ 2001ರಲ್ಲಿ ಅದನ್ನು ವಿವರಿಸಿ ಬರೆದ ಪ್ರಬಂಧವನ್ನು ಆಟ ಕಟ್ಟುವವರು ಇವತ್ತಿಗೂ ಓದುತ್ತಾರೆ. ಆ ಉಪಾಯದ ಹೆಸರೇ ಲ್ಯಾಗ್ ಕಾಂಪೆನ್ಸೇಶನ್.

ಉಪಾಯ ಹೀಗಿದೆ. ಸರ್ವರ್ ಪ್ರತಿಯೊಬ್ಬ ಆಟಗಾರ ಕಳೆದ ಒಂದು ಸೆಕೆಂಡಿನಲ್ಲಿ ಎಲ್ಲೆಲ್ಲಿ ಇದ್ದ ಎನ್ನುವುದನ್ನು ನೆನಪಿಟ್ಟುಕೊಳ್ಳುತ್ತದೆ. ನಿಮ್ಮ ಕ್ಲಿಕ್ ಬಂದಾಗ, ಇವನು ನೋಡುತ್ತಿದ್ದದ್ದು ಎಷ್ಟು ಹಳೆಯ ಚಿತ್ರ ಎಂದು ಲೆಕ್ಕ ಹಾಕುತ್ತದೆ. ನಮ್ಮ ಉದಾಹರಣೆಯಲ್ಲಿ 180 ಮಿಲಿಸೆಕೆಂಡ್. ಉಳಿದ ಎಲ್ಲರನ್ನೂ ಆಗ ಅವರಿದ್ದ ಜಾಗಕ್ಕೆ ಹಿಂದಕ್ಕೆ ಸರಿಸಿ, ಗುಂಡಿನ ಗೆರೆ ಎಳೆದು, ತಾಗಿತೋ ಇಲ್ಲವೋ ನೋಡಿ, ಎಲ್ಲರನ್ನೂ ಮತ್ತೆ ಅವರವರ ಜಾಗಕ್ಕೆ ತಂದಿಡುತ್ತದೆ. ಇಷ್ಟೂ ಕೆಲಸ ಒಂದು ಟಿಕ್‌ನ ಒಳಗೇ ಆಗುತ್ತದೆ. ಆಟಗಾರರಿಗೆ ಯಾವುದೂ ಕಾಣುವುದಿಲ್ಲ.

2025ರ ಫೆಬ್ರವರಿಯಲ್ಲಿ ವಾಲ್ವ್ ಈ ಆಟದ ಕೋಡನ್ನು ಎಲ್ಲರೂ ಓದುವಂತೆ ಬಿಡುಗಡೆ ಮಾಡಿತು. ಅಲ್ಲಿರುವ ಕ್ರಮವನ್ನು ಚಿಕ್ಕದು ಮಾಡಿ ಬರೆದರೆ ಹೀಗೆ ಕಾಣುತ್ತದೆ:

```
lagcompensation->StartLagCompensation( pPlayer, pPlayer->GetCurrentCommand() );
// ಇಲ್ಲಿ ಗುಂಡಿನ ಗೆರೆ ಎಳೆಯುವ ಕೆಲಸ
lagcompensation->FinishLagCompensation( pPlayer );
```

ಮೊದಲ ಸಾಲು ಕಾಲವನ್ನು ಹಿಂದಕ್ಕೆ ತಿರುಗಿಸುತ್ತದೆ. ಕೊನೆಯ ಸಾಲು ಅದನ್ನು ವಾಪಸ್ ತರುತ್ತದೆ. ಹಿಟ್‌ಸ್ಕ್ಯಾನ್ ಗುಂಡಿನ ಇಡೀ ಆಯುಷ್ಯ ಈ ಎರಡು ಸಾಲುಗಳ ನಡುವೆ ಹಿಡಿಸುತ್ತದೆ. ರಾಕೆಟ್‌ನ ಆಯುಷ್ಯ ಹಿಡಿಸುವುದಿಲ್ಲ. ಅದು ಅರ್ಧ ಸೆಕೆಂಡೋ ಒಂದು ಸೆಕೆಂಡೋ ಬದುಕಬೇಕು. ಅಷ್ಟು ಹೊತ್ತು ಎಲ್ಲರನ್ನೂ ಹಿಂದಿನ ಜಾಗದಲ್ಲಿ ಹಿಡಿದಿಟ್ಟುಕೊಳ್ಳಲು ಸಾಧ್ಯವಿಲ್ಲ. ನನಗೆ ಈ ವಿಷಯ ನಿಜವಾಗಿ ಅರ್ಥವಾದದ್ದು ಈ ಸಾಲುಗಳನ್ನು ನೋಡಿದ ಮೇಲೆಯೇ.

ಅದಕ್ಕೇ ಈ ಆಟದಲ್ಲಿ ರಾಕೆಟ್‌ಗೆ ಲ್ಯಾಗ್ ಕಾಂಪೆನ್ಸೇಶನ್ ಇಲ್ಲ. ನಿಮ್ಮ ಕ್ಲಿಕ್ ಸರ್ವರ್‌ಗೆ ಮುಟ್ಟಿದಾಗ ರಾಕೆಟ್ ಹುಟ್ಟುತ್ತದೆ. ಹುಟ್ಟಿದ ಕ್ಷಣದಿಂದ ಅದು ಸರ್ವರ್‌ನ 'ಈಗ' ಎನ್ನುವ ಹೊತ್ತಿನಲ್ಲೇ ಹಾರುತ್ತದೆ. ಸ್ನೈಪರ್‌ನ ಗುಂಡು ಹೊಡೆದವನು ನೋಡಿದ ಹೊತ್ತಿಗೆ ಹೋಗಿ ಬರುತ್ತದೆ, ರಾಕೆಟ್ ಹೋಗುವುದಿಲ್ಲ.

ಇದನ್ನು ಲೆಕ್ಕದಲ್ಲಿ ನೋಡೋಣ. ಸ್ಕೌಟ್ ನಿಮ್ಮಿಂದ 550 ಯೂನಿಟ್ ದೂರದಲ್ಲಿ, ನಿಮ್ಮ ಎದುರಿಗೆ ಅಡ್ಡಡ್ಡ ಓಡುತ್ತಿದ್ದಾನೆ. ರಾಕೆಟ್ ಅಲ್ಲಿಗೆ ಹೋಗಲು ಅರ್ಧ ಸೆಕೆಂಡ್ ಬೇಕು. ಅಷ್ಟರಲ್ಲಿ ಅವನು 200 ಯೂನಿಟ್ ಓಡುತ್ತಾನೆ. ನನ್ನ ತಮ್ಮ ಹೇಳಿದ 'ಮುಂದಕ್ಕೆ ಹೊಡಿ' ಇದೇ 200. ತಡವೇ ಇಲ್ಲದಿದ್ದರೆ ಇಷ್ಟೇ ಸಾಕು. ಆದರೆ ಸಿಂಗಪುರದ ಸರ್ವರ್‌ನಲ್ಲಿ ಆ 180 ಮಿಲಿಸೆಕೆಂಡ್‌ನ 72 ಯೂನಿಟ್ ಕೂಡ ಸೇರಬೇಕು. ಅಂದರೆ 272 ಯೂನಿಟ್ ಮುಂದಕ್ಕೆ ಹೊಡೆಯಬೇಕು. 200ಕ್ಕೆ ಪಳಗಿದ ಕೈ 200ಕ್ಕೇ ಹೊಡೆಯುತ್ತದೆ, ರಾಕೆಟ್ ಒಂದೂವರೆ ಮೈ ಅಗಲದಷ್ಟು ಹಿಂದೆ ಬೀಳುತ್ತದೆ.

ಗಮನಿಸಿ, ಈ 72 ಯೂನಿಟ್‌ಗೂ ದೂರಕ್ಕೂ ಸಂಬಂಧ ಇಲ್ಲ. ಸ್ಕೌಟ್ ಮೂಗಿನ ಮುಂದೆ ಇದ್ದರೂ 72, ಮೈದಾನದ ಆ ತುದಿಯಲ್ಲಿ ಇದ್ದರೂ 72. ಹೀಗೆ ಮುಂದಕ್ಕೆ ಇಡುವ ಗುರಿಯನ್ನು ಮುಂಗುರಿ ಎನ್ನೋಣ. ಹಾರಾಟದಿಂದ ಬರುವ ಮುಂಗುರಿ ದೂರದ ಜೊತೆ ಹೆಚ್ಚುತ್ತದೆ, ತಡದಿಂದ ಬರುವ ಮುಂಗುರಿ ಹಾಗೇ ಇರುತ್ತದೆ. ಅದಕ್ಕೇ ಪಿಂಗ್ ಜಾಸ್ತಿ ಇದ್ದಾಗ ರಾಕೆಟ್‌ನವರಿಗೆ ಹತ್ತಿರದ ಜಗಳವೇ ಕಷ್ಟ. 110 ಯೂನಿಟ್ ದೂರದಲ್ಲಿ ಹಾರಾಟಕ್ಕೆ ಬೇಕಾದ ಮುಂಗುರಿ ಬರೀ 40 ಯೂನಿಟ್, ತಡದ್ದು ಅದರ ಹತ್ತಿರ ಹತ್ತಿರ ಎರಡರಷ್ಟು. ಕಣ್ಣು ಹೇಳುವುದಕ್ಕೂ ಆಟ ಕೇಳುವುದಕ್ಕೂ ಇಲ್ಲಿ ತಾಳೆಯೇ ಆಗುವುದಿಲ್ಲ. ರಾಕೆಟ್ ಸಿಡಿದಾಗ 146 ಯೂನಿಟ್ ದೂರದೊಳಗೆ ಇರುವವರಿಗೂ ಪೆಟ್ಟು ಬೀಳುತ್ತದೆ, ಅಂಚಿಗೆ ಹೋದಂತೆ ಅದು ಅರ್ಧಕ್ಕೆ ಇಳಿಯುತ್ತದೆ. ಈ ಸಿಡಿತ ಇರುವುದರಿಂದಲೇ ರಾಕೆಟ್ ಇಷ್ಟು ಪಿಂಗ್‌ನಲ್ಲೂ ಆಡುವ ಹಾಗೆ ಉಳಿದಿದೆ. ಪಳಗಿದವರು ಮೈಗೆ ಹೊಡೆಯದೆ ಕಾಲಬುಡದ ನೆಲಕ್ಕೆ ಹೊಡೆಯುವುದು ಇದಕ್ಕೇ.

ಕೈಗೆ ಬರುವ ಅನುಭವದಲ್ಲೂ ಇದೇ ವ್ಯತ್ಯಾಸ ಇದೆ. ಹಿಟ್‌ಸ್ಕ್ಯಾನ್ ಬಂದೂಕಿನ ಸದ್ದು, ಬೆಳಕು, ಗೋಡೆಯ ಮೇಲಿನ ಗುರುತು ಇವನ್ನೆಲ್ಲ ನಿಮ್ಮ ಕಂಪ್ಯೂಟರ್ ಸರ್ವರ್‌ಗೆ ಕಾಯದೆ ಆಗಲೇ ತೋರಿಸಿಬಿಡುತ್ತದೆ. ರಾಕೆಟ್ ಹಾಗೆ ಕಾಣುವುದಿಲ್ಲ. ಸದ್ದು ಆಗಲೇ ಬರುತ್ತದೆ, ಆದರೆ ರಾಕೆಟ್ ಕೊಳವೆಯಿಂದ ಹೊರಬರುವುದು ಸರ್ವರ್ ಅದನ್ನು ಹುಟ್ಟಿಸಿ ನಿಮಗೆ ಸುದ್ದಿ ಕಳಿಸಿದ ಮೇಲೆ. ಪಿಂಗ್ 80ರಲ್ಲಿ ಈ ಬಿರುಕು ಕಣ್ಣಿಗೆ ಕಾಣುತ್ತದೆ. ರಾಕೆಟ್ ಲಾಂಚರ್ 'ಭಾರ' ಅನ್ನಿಸುತ್ತದೆ ಎಂದು ಹೇಳುವವರು ಎಷ್ಟೋ ಸಲ ನಿಜವಾಗಿ ಹೇಳುತ್ತಿರುವುದು ತಮ್ಮ ಪಿಂಗ್ ಬಗ್ಗೆ.

ಹಾಗಾದರೆ ಹಿಟ್‌ಸ್ಕ್ಯಾನ್‌ನಲ್ಲಿ ಈ ತಡ ಮಾಯವಾಯಿತೇ? ಇಲ್ಲ, ಅದು ಎದುರಿನವನ ಲೆಕ್ಕಕ್ಕೆ ಹೋಯಿತು. ಸ್ಕೌಟ್‌ನ ಕಡೆಯಿಂದ ನೋಡಿ. ಅವನ ಪಿಂಗ್ 40 ಎಂದುಕೊಳ್ಳೋಣ. ಅವನು ಸ್ನೈಪರ್‌ನನ್ನು ನೋಡಿ ಗೋಡೆಯ ಹಿಂದಕ್ಕೆ ಓಡಿದ. ಆದರೆ ಸ್ನೈಪರ್‌ನ ತೆರೆಯ ಮೇಲೆ ಅವನಿನ್ನೂ ಬಯಲಿನಲ್ಲೇ ಇದ್ದಾನೆ. ಅಲ್ಲಿ ಹೊಡೆದದ್ದನ್ನು ಸರ್ವರ್ ಸರಿ ಎಂದು ಒಪ್ಪುತ್ತದೆ. ಸ್ಕೌಟ್ ಬಯಲಿನಲ್ಲಿದ್ದ ಆ ಕ್ಷಣಕ್ಕೂ, ಸತ್ತೆ ಎನ್ನುವ ಸುದ್ದಿ ಅವನಿಗೆ ತಲುಪುವ ಕ್ಷಣಕ್ಕೂ ನಡುವೆ ಸ್ನೈಪರ್‌ನ 80, ಸ್ನೈಪರ್‌ನ ಇಂಟರ್‌ಪೊಲೇಶನ್ 100, ಅವನದೇ 40 ಸೇರಿ 220 ಮಿಲಿಸೆಕೆಂಡ್ ಕಳೆದಿರುತ್ತದೆ. ಅಷ್ಟರಲ್ಲಿ ಅವನು 88 ಯೂನಿಟ್ ಓಡಿರುತ್ತಾನೆ. ಹೆಚ್ಚುಕಡಿಮೆ ಎರಡು ಮೈ ಅಗಲ ಗೋಡೆಯ ಹಿಂದೆ ಹೋದ ಮೇಲೆ ಬೀಳುತ್ತಾನೆ. 'ಗೋಡೆ ಹಿಂದೆ ಇದ್ದೆ, ಆದ್ರೂ ಸತ್ತೆ' ಎಂದು ಅವನು ಕೂಗಿದರೆ ಅದು ಸುಳ್ಳಲ್ಲ. ಇಬ್ಬರೂ ತಮ್ಮ ತೆರೆಯ ಮೇಲೆ ಕಂಡದ್ದನ್ನೇ ಹೇಳುತ್ತಿದ್ದಾರೆ.

ರಾಕೆಟ್ ತಪ್ಪಿಸಿಕೊಳ್ಳುವವನಿಗೆ ಮಾತ್ರ ಈ ಅನ್ಯಾಯ ಇಲ್ಲ. ತನ್ನದೇ ಪಿಂಗ್ ಮತ್ತು ಇಂಟರ್‌ಪೊಲೇಶನ್‌ನಿಂದ ರಾಕೆಟ್ ಅವನಿಗೆ ಸ್ವಲ್ಪ ಹಿಂದೆ ಕಾಣುತ್ತದೆ, ಅಷ್ಟೇ. ಹೊಡೆದವನು ಸಿಂಗಪುರದಿಂದ ಎಷ್ಟೇ ದೂರ ಕೂತಿರಲಿ, ಅವನ ಪಿಂಗ್ 80 ಇರಲಿ 250 ಇರಲಿ, ತಪ್ಪಿಸಿಕೊಳ್ಳುವವನಿಗೆ ಅದರ ಬಿಸಿ ತಟ್ಟುವುದಿಲ್ಲ. ಹಿಟ್‌ಸ್ಕ್ಯಾನ್‌ನಲ್ಲಿ ಹೊಡೆಯುವವನ ತಡವನ್ನು ಹೊಡೆಸಿಕೊಳ್ಳುವವನು ತುಂಬುತ್ತಾನೆ. ಪ್ರೊಜೆಕ್ಟೈಲ್‌ನಲ್ಲಿ ಅವರವರ ತಡವನ್ನು ಅವರವರೇ ತುಂಬಬೇಕು.

ಇಷ್ಟು ತಿಳಿದ ಮೇಲೆ ಒಂದು ಹಳೆಯ ರೂಢಿಯ ಅರ್ಥ ಗೊತ್ತಾಗುತ್ತದೆ. ಈ ಆಟದ ಅನುಭವಿಗಳು ರಾಕೆಟ್ ಹೊಡೆಯುವ ಪಾತ್ರಕ್ಕೆ ಒಂದು ಸೆಟ್ಟಿಂಗ್, ಗುಂಡು ಹೊಡೆಯುವ ಪಾತ್ರಕ್ಕೆ ಇನ್ನೊಂದು ಇಟ್ಟುಕೊಳ್ಳುತ್ತಾರೆ. ರಾಕೆಟ್‌ಗೆ ಹೀಗೆ:

```
cl_updaterate 66
cl_interp_ratio 1
cl_interp 0.0152
```

ಗುಂಡಿನ ಪಾತ್ರಗಳಿಗೆ `cl_interp_ratio 2`, `cl_interp 0.0303`. ಸರ್ವರ್ ಸೆಕೆಂಡಿಗೆ 66 ಚಿತ್ರ ಕಳಿಸುತ್ತದೆ, ಹಾಗಾಗಿ ಎರಡು ಚಿತ್ರಗಳ ನಡುವಿನ ಹೊತ್ತು ಸುಮಾರು 15 ಮಿಲಿಸೆಕೆಂಡ್. ಮೊದಲ ಸೆಟ್ಟಿಂಗ್ ಒಂದು ಚಿತ್ರದಷ್ಟು ತಡ ಮಾಡುತ್ತದೆ, ಎರಡನೆಯದು ಎರಡು ಚಿತ್ರದಷ್ಟು. ರಾಕೆಟ್‌ಗೆ ಇಂಟರ್‌ಪೊಲೇಶನ್‌ನ ಒಂದೊಂದು ಮಿಲಿಸೆಕೆಂಡೂ ಹೊರೆ, ಯಾಕೆಂದರೆ ಅದನ್ನು ಯಾರೂ ಸರಿದೂಗಿಸುವುದಿಲ್ಲ. 100ನ್ನು 15ಕ್ಕೆ ಇಳಿಸಿದರೆ ನಮ್ಮ 180 ಮಿಲಿಸೆಕೆಂಡ್ 95ಕ್ಕೆ ಬರುತ್ತದೆ, 72 ಯೂನಿಟ್ 38ಕ್ಕೆ ಬರುತ್ತದೆ. ಗುಂಡಿಗೆ ಇಂಟರ್‌ಪೊಲೇಶನ್ ಎಷ್ಟಿದ್ದರೂ ಸರ್ವರ್ ಅಷ್ಟೇ ಹಿಂದಕ್ಕೆ ಹೋಗಿ ನೋಡುತ್ತದೆ. ಅಲ್ಲಿ ಮುಖ್ಯವಾದದ್ದು ಚಿತ್ರ ಒಡೆಯದಿರುವುದು. ಒಂದು ಚಿತ್ರದಷ್ಟೇ ತಡ ಇಟ್ಟುಕೊಂಡಾಗ ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೂ ಎದುರಾಳಿ ತೆರೆಯ ಮೇಲೆ ಜಿಗಿಯುತ್ತಾನೆ, ಗುರಿ ಕೈತಪ್ಪುತ್ತದೆ. ಎರಡು ಚಿತ್ರದ ತಡ ಇದ್ದರೆ ಒಂದು ಕಳೆದರೂ ನಡೆಯುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಆಡುವವರು ರಾಕೆಟ್‌ಗೂ ಈ ಎರಡನೆಯದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು ಎಂದು ನನ್ನ ಅನುಭವ.

ನಮ್ಮಲ್ಲಿ ಬಹಳ ಜನ ಆಡುವುದು ಬಿಜಿಎಂಐ. ಆ ಮನೆತನದ ಆಟಗಳಲ್ಲಿ ಗುಂಡುಗಳೇ ಹಾರುತ್ತವೆ, ಆದರೆ ರಾಕೆಟ್‌ಗಿಂತ ಎಷ್ಟೋ ಪಾಲು ವೇಗವಾಗಿ. ಕಂಪ್ಯೂಟರ್‌ನ ಪಬ್‌ಜಿಯಲ್ಲಿ ಎಂ416ರ ಗುಂಡು ಸೆಕೆಂಡಿಗೆ 880 ಮೀಟರ್, ಕಾರ್98ಕೆಯದು 760 ಮೀಟರ್ ವೇಗದಲ್ಲಿ ಹೊರಡುತ್ತದೆ. 30 ಮೀಟರ್ ದೂರಕ್ಕೆ ಎಂ416ರ ಗುಂಡು 34 ಮಿಲಿಸೆಕೆಂಡ್‌ನಲ್ಲಿ ಮುಟ್ಟುತ್ತದೆ. ಸೆಕೆಂಡಿಗೆ 6 ಮೀಟರ್ ಓಡುವವನು ಅಷ್ಟರಲ್ಲಿ 20 ಸೆಂಟಿಮೀಟರ್ ಸರಿಯುತ್ತಾನೆ. ಎದೆಗೆ ಗುರಿ ಇಟ್ಟರೆ ಭುಜಕ್ಕಾದರೂ ತಾಗುತ್ತದೆ. ಹಾಗಾಗಿ ಹತ್ತಿರದಲ್ಲಿ ಇದು ಹಿಟ್‌ಸ್ಕ್ಯಾನ್ ಹಾಗೆಯೇ ಅನ್ನಿಸುತ್ತದೆ. ಅಲ್ಲಿ ಗುಂಡಿನ ಹಾರಾಟಕ್ಕಿಂತ ನಿಮ್ಮ ಪಿಂಗೇ ದೊಡ್ಡ ಸಂಖ್ಯೆ. 300 ಮೀಟರ್‌ನಲ್ಲಿ ಕಾರ್98ಕೆಯ ಗುಂಡಿಗೆ ಕಡಿಮೆಯೆಂದರೂ 0.39 ಸೆಕೆಂಡ್ ಬೇಕು, ಓಡುವವನು 2.3 ಮೀಟರ್‌ಗಿಂತ ಜಾಸ್ತಿ ಮುಂದೆ ಹೋಗಿರುತ್ತಾನೆ. ಅಲ್ಲಿ ಹಾರಾಟವೇ ದೊಡ್ಡದು, ಪಿಂಗ್ 20 ಆಚೀಚೆ ಆದರೂ ಅಷ್ಟು ತಿಳಿಯುವುದಿಲ್ಲ. ಒಂದೇ ಬಂದೂಕು ಎರಡು ದೂರದಲ್ಲಿ ಎರಡು ಬೇರೆ ಆಯುಧದ ಹಾಗೆ ಅನ್ನಿಸುವುದು ಇದಕ್ಕೇ.

ರಾಕೆಟ್‌ಗೂ ಏನಾದರೂ ಪರಿಹಾರ ಮಾಡಬಾರದೇ ಎಂದು ನೀವು ಕೇಳಬಹುದು. ಮಾಡಬಹುದು, ಆದರೆ ಬೆಲೆ ಇದೆ. ರಾಕೆಟ್ ಹುಟ್ಟಿದ ಕೂಡಲೇ ಸರ್ವರ್ ಅದನ್ನು 180 ಮಿಲಿಸೆಕೆಂಡ್‌ನಷ್ಟು ಮುಂದಕ್ಕೆ ತಳ್ಳಬಹುದು. ಆಗ ಅದು ಎದುರಿನವನಿಗೆ ಕೊಳವೆಯ ಬಾಯಲ್ಲಿ ಕಾಣುವುದಿಲ್ಲ, 198 ಯೂನಿಟ್ ಮುಂದೆ ಗಾಳಿಯಲ್ಲಿ ದಿಢೀರನೆ ಕಾಣುತ್ತದೆ. 550 ಯೂನಿಟ್ ದೂರದಲ್ಲಿದ್ದವನಿಗೆ ತಪ್ಪಿಸಿಕೊಳ್ಳಲು ಸಿಗುತ್ತಿದ್ದ ಹೊತ್ತಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೋಗಿಬಿಡುತ್ತದೆ. ಇನ್ನೊಂದು ದಾರಿ, ರಾಕೆಟ್ ಹಾರುವಷ್ಟೂ ಹೊತ್ತು ಅದನ್ನು ಎಲ್ಲರ ಹಳೆಯ ಜಾಗಗಳ ಜೊತೆ ಹೋಲಿಸುವುದು. ಆಗ ಕಣ್ಣೆದುರೇ ರಾಕೆಟ್ ತಪ್ಪಿಸಿಕೊಂಡವನೂ ಸಾಯುತ್ತಾನೆ. ಗುಂಡನ್ನು ಯಾರೂ ನೋಡಿ ತಪ್ಪಿಸಿಕೊಳ್ಳುವುದಿಲ್ಲ, ಹಾಗಾಗಿ ಅಲ್ಲಿ ಈ ಮೋಸ ಅಪರೂಪಕ್ಕೆ ಗೊತ್ತಾಗುತ್ತದೆ. ರಾಕೆಟ್ ಇರುವುದೇ ನೋಡಿ ತಪ್ಪಿಸಿಕೊಳ್ಳಲಿ ಎಂದು. 2014ರಲ್ಲಿ ಎಪಿಕ್ ಕಂಪನಿ ಶುರು ಮಾಡಿದ ಅನ್‌ರಿಯಲ್ ಟೂರ್ನಮೆಂಟ್‌ನಲ್ಲಿ ಮೊದಲ ದಾರಿಯನ್ನೇ ಹಿಡಿದರು, ಆದರೆ ಎಷ್ಟು ಪಿಂಗ್‌ವರೆಗೆ ಈ ಸಹಾಯ ಎನ್ನುವುದಕ್ಕೆ ಒಂದು ಮಿತಿ ಇಟ್ಟರು. ನನಗೆ ಕೇಳಿದರೆ ಮಿತಿಯಿಟ್ಟು ತಳ್ಳುವುದೇ ಸರಿ. ಪೂರ್ತಿ ಬಿಟ್ಟರೆ ದೂರದವರು ಆಡಲಾರರು, ಪೂರ್ತಿ ಕೊಟ್ಟರೆ ಹತ್ತಿರದವರು ತಪ್ಪಿಸಿಕೊಳ್ಳಲಾರರು.

ನೀವು ಆಡುವ ಆಟ ಯಾವ ದಾರಿ ಹಿಡಿದಿದೆ ಎಂದು ತಿಳಿಯುವುದು ಕಷ್ಟವಲ್ಲ. ಒಬ್ಬ ಗೆಳೆಯನಿಗೆ ಒಂದೇ ಗೋಡೆಯ ಉದ್ದಕ್ಕೂ ಒಂದೇ ವೇಗದಲ್ಲಿ ಓಡಲು ಹೇಳಿ. ಹತ್ತಿರದ ಸರ್ವರ್‌ನಲ್ಲಿ ಹತ್ತು ಸಲ ಹೊಡೆಯಿರಿ, ದೂರದ ಸರ್ವರ್‌ನಲ್ಲಿ ಹತ್ತು ಸಲ ಹೊಡೆಯಿರಿ. ಎರಡರಲ್ಲೂ ಒಂದೇ ಮುಂಗುರಿ ಸಾಕಾದರೆ ತಡವನ್ನು ಸರ್ವರ್ ಸರಿದೂಗಿಸುತ್ತಿದೆ. ದೂರದಲ್ಲಿ ಜಾಸ್ತಿ ಬೇಕಾದರೆ ಇಲ್ಲ. ಜೊತೆಗೆ ಒತ್ತಿದ ಕೂಡಲೇ ರಾಕೆಟ್ ಹೊರಬರುತ್ತದೋ ಸ್ವಲ್ಪ ತಡೆದು ಬರುತ್ತದೋ ನೋಡಿ. ಟೀಮ್ ಫೋರ್ಟ್ರೆಸ್ 2 ಆದರೆ ನಿಮ್ಮದೇ ಸರ್ವರ್ ತೆರೆದು `sv_cheats 1` ಹಾಕಿ `net_fakelag 80` ಎಂದು ಬರೆದರೆ ದೂರದ ಸರ್ವರ್ ಹುಡುಕುವುದೂ ಬೇಡ, ತಡ ಮನೆಯಲ್ಲೇ ಸಿಗುತ್ತದೆ.

ನಾನು ಇಂಟರ್‌ಪೊಲೇಶನ್ 15ಕ್ಕೆ ಇಳಿಸಿದ ಮೇಲೆ ಸಿಂಗಪುರದಲ್ಲಿ ಆ 550 ಯೂನಿಟ್‌ನ ಸ್ಕೌಟ್‌ಗೆ 238 ಯೂನಿಟ್ ಮುಂದಕ್ಕೆ ಹೊಡೆಯುವುದು ಕೈಗೆ ಬಂದಿದೆ. ಮುಂಬೈ ಸರ್ವರ್‌ನಲ್ಲಿ ನನಗೆ ಪಿಂಗ್ 25. ಅಲ್ಲಿ 216 ಸಾಕು. ವ್ಯತ್ಯಾಸ ಅರ್ಧ ಮೈ ಅಗಲದಷ್ಟೂ ಇಲ್ಲ. ಆದರೂ ಸಿಂಗಪುರದಿಂದ ಮುಂಬೈಗೆ ಬಂದ ಮೊದಲ ಹತ್ತು ನಿಮಿಷ ನನ್ನ ರಾಕೆಟ್‌ಗಳು ಓಡುವವನ ಮುಂದೆ ಬೀಳುತ್ತವೆ.